ಸಪ್ಪನ ಪಥ್ಯ

ನನ್ನ ಅತ್ತೆ ನನ್ನ ಮಗಳ ಹಣೆಯನ್ನು ನೆಕ್ಕಿ ನೋಡಿದ ದಿನ ನಮ್ಮಿಬ್ಬರ ಜಗಳ ಶುರುವಾಯಿತೆಂದು ಬೀಗರು ಬಿಜ್ಜರೆಲ್ಲ ತಿಳಿದಿದ್ದಾರೆ. ಸುಳ್ಳು. ಜಗಳ ಅದಕ್ಕೂ ಮುಂಚೆಯೇ ಇತ್ತು. ಆ ದಿನ ಅದಕ್ಕೊಂದು ವಿಷಯ ಸಿಕ್ಕಿತು, ಅಷ್ಟೇ.

ಈ ಅತ್ತೆ ನನಗೆ ಎರಡು ಬಗೆಯಲ್ಲಿ ಅತ್ತೆ. ಹುಟ್ಟಿನಿಂದ ಸೋದರತ್ತೆ, ಅಂದರೆ ನನ್ನ ಅಪ್ಪನ ಅಕ್ಕ. ಮದುವೆಯ ಮೇಲೆ ಗಂಡನ ತಾಯಿ. ಲಕ್ಷ್ಮೇಶ್ವರದ ನಮ್ಮ ಮನೆಗೆ ಆಕೆ ಬೆಟಗೇರಿಯಿಂದ ಬಂದಾಗಲೆಲ್ಲ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ‘ಇಕಿ ನನ್ನ ಸೊಸಿ’ ಎನ್ನುತ್ತಿದ್ದಳು. ಅದು ತಮಾಷೆಯಲ್ಲ, ಮುಂಗಡ ಎಂದು ನನಗೆ ತಿಳಿದದ್ದು ಟಿ.ಸಿ.ಎಚ್. ಮುಗಿಸಿ ಶಾಲೆಯ ಕೆಲಸ ಸಿಕ್ಕ ಮೇಲೆ. ಮದುವೆಗೆ ಮುಂಚೆ ‘ನೀ’ ಎಂದು ಕರೆಯುತ್ತಿದ್ದವಳಿಗೆ ಮಾಂಗಲ್ಯ ಬಿದ್ದ ಮರುಗಳಿಗೆಯಿಂದ ‘ನೀವು’ ಎನ್ನಬೇಕಾಯಿತು. ಎದುರಿಗೆ ಬಹುವಚನ ಕೊಟ್ಟದ್ದು ಸಾಕು. ಬರೆಯುವಾಗ ನಾನು ಏಕವಚನವನ್ನೇ ಬಳಸುತ್ತೇನೆ, ಯಾರಾದರೂ ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ಗಂಡ ಮಗ್ಗದವನು. ಮನೆಯ ಮುಂದಿನ ಅಂಕಣದಲ್ಲಿ ಸೀರೆ ನೇಯುತ್ತ ಕುಳಿತರೆ ಒಳಗೆ ಮನೆಗೆ ಬೆಂಕಿ ಬಿದ್ದರೂ ಲಾಳಿ ನಿಲ್ಲುತ್ತಿರಲಿಲ್ಲ. ಅವನ ಬಾಯಿಯಲ್ಲಿ ಇದ್ದದ್ದು ಎರಡೇ ಮಾತು: ತಾಯಿಗೆ ‘ಆತು’, ನನಗೆ ‘ಬಿಡು’. ಮಾವ ನಾನು ಮನೆಗೆ ಬರುವ ಮುಂಚೆಯೇ ತೀರಿಕೊಂಡಿದ್ದ. ಹೀಗಾಗಿ ಆ ಮನೆಯಲ್ಲಿ ಮಾತನಾಡುವವರು ನಾವಿಬ್ಬರೇ, ಅತ್ತೆ ಮತ್ತು ನಾನು. ಅವಳಿಗೆ ಅಡುಗೆಮನೆ, ನನಗೆ ಗದಗಿನ ಪ್ರಾಥಮಿಕ ಶಾಲೆ.

ಮಗಳು ಹುಟ್ಟಿದ್ದು ಎಪ್ಪತ್ತರ ದಶಕದ ಕೊನೆಗೆ. ಹುಟ್ಟಿದ ಕೆಲವೇ ತಿಂಗಳಿಗೆ ಕೆಮ್ಮು ಹಿಡಿಯಿತು, ಬಿಡಲಿಲ್ಲ. ಹಸಿವು ಮಾತ್ರ ರಾಕ್ಷಸ ಹಸಿವು. ದೊಡ್ಡವರ ಸಮಕ್ಕೆ ಉಣ್ಣುತ್ತಿದ್ದಳು, ಮೈಗೆ ಹತ್ತುತ್ತಿರಲಿಲ್ಲ. ಕೈಕಾಲು ಕಡ್ಡಿ, ಹೊಟ್ಟೆ ಮುಂದೆ. ಬಯಲಿಗೆ ಕೂತರೆ ಎಣ್ಣೆ ಎಣ್ಣೆಯಾಗಿ ಹೋಗುತ್ತಿತ್ತು, ವಾಸನೆಗೆ ಅಕ್ಕಪಕ್ಕದವರು ಮೂಗು ಮುಚ್ಚುತ್ತಿದ್ದರು. ಗದಗಿನ ಒಬ್ಬ ಡಾಕ್ಟರು ಜಂತಿನ ಔಷಧಿ ಕೊಟ್ಟ. ಇನ್ನೊಬ್ಬ ಎದೆಯ ಫೋಟೋ ನೋಡಿ ಟೀಬಿ ಎಂದ. ಕಫದಲ್ಲಿ ಟೀಬಿಯ ಕ್ರಿಮಿ ಕಾಣಲಿಲ್ಲವಲ್ಲ ಎಂದು ಕೇಳಿದರೆ, ‘ನೀವು ಡಾಕ್ಟರೋ ನಾನು ಡಾಕ್ಟರೋ’ ಎಂದು ಗದರಿದ. ಆ ಎಲುಬಿನಂಥ ಕುಂಡಿಗೆ ದಿನಾ ಸೂಜಿ ಚುಚ್ಚಿಸಿಕೊಂಡು ಬರುತ್ತಿದ್ದೆ. ಅವನ ಮೇಲೆ ನನಗೆ ಈಗಲೂ ಸಿಟ್ಟಿದೆ.

ಅತ್ತೆ ಹಣೆ ನೆಕ್ಕಿದ್ದು ಆ ಸೂಜಿಗಳ ಕಾಲದಲ್ಲಿ. ಮಗುವಿಗೆ ಮುತ್ತು ಕೊಟ್ಟವಳು ಏನೋ ಅನುಮಾನ ಬಂದಂತೆ ನಾಲಿಗೆ ತೆಗೆದು ಹಣೆಗೆ ಹಚ್ಚಿದಳು. ಮುಖ ಹುಳ್ಳಗೆ ಮಾಡಿದಳು.

‘ಉಪ್ಪು ಐತಿ’ ಎಂದಳು.

‘ಬೆವರು ಉಪ್ಪs ಇರತೈತ್ರಿ’ ಎಂದೆ ನಾನು.

‘ಬೆವರಂದ್ರ ಏನಂತ ನನಗ ಕಲಿಸಬ್ಯಾಡ. ಇದು ಬೆವರಿನ ಉಪ್ಪಲ್ಲ. ಒಳಗ ಉಪ್ಪು ಹೆಚ್ಚಾಗಿ ತೊಗಲು ಒಡಕೊಂಡು ಹೊರಗ ಬರಾಕತ್ತೈತಿ. ಇವತ್ತಿನಿಂದ ಸಪ್ಪನ ಪಥ್ಯ.’

ನಮ್ಮ ಕಡೆ ಪಥ್ಯವೆಂದರೆ ಮೊದಲು ಹೋಗುವುದು ಉಪ್ಪು. ಬಾವು ಬಂದರೆ ಸಪ್ಪಗೆ, ಮೈ ಕಡಿದರೆ ಸಪ್ಪಗೆ, ಬಾಣಂತಿಗೆ ಸಪ್ಪಗೆ. ಜೋಳದ ರೊಟ್ಟಿಗೆ ಮೊದಲೇ ಉಪ್ಪಿಲ್ಲ. ಪಲ್ಲೆ, ಸಾರು, ಮಜ್ಜಿಗೆಯಲ್ಲೂ ಅದನ್ನು ತೆಗೆದರೆ ಮಗುವಿನ ಬಾಯಿಗೆ ಬೀಳುವ ಉಪ್ಪು ಯಾವುದೂ ಉಳಿಯುವುದಿಲ್ಲ. ಅತ್ತೆಯ ತರ್ಕದಲ್ಲಿ ಒಂದು ಕೂದಲೆಳೆಯಷ್ಟೂ ಸಂದು ಇರಲಿಲ್ಲ: ಹೊರಗೆ ಚೆಲ್ಲುತ್ತಿದೆ ಎಂದರೆ ಒಳಗೆ ತುಂಬಿದೆ, ತುಂಬಿದ್ದಕ್ಕೆ ಮತ್ತೆ ಸುರಿಯಬಾರದು. ಗಂಡ ‘ಆತು’ ಎಂದ. ಟೀಬಿ ಡಾಕ್ಟರನ್ನು ಕೇಳಿದೆ. ‘ಹಳೇ ಮಂದಿ ಹೇಳೂದು ಮಾಡ್ರಿ, ಏನೂ ನುಕ್ಸಾನಿಲ್ಲ’ ಎಂದ.

ಮಗು ಉಪ್ಪಿಗೆ ಹಾತೊರೆಯತೊಡಗಿತು. ಹರಳುಪ್ಪು ಕದ್ದು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಗೋಡೆ ನೆಕ್ಕುತ್ತಿದ್ದಳು. ಅತ್ತೆ ಉಪ್ಪಿನ ಗಡಿಗೆಯನ್ನು ಮಾಡಿನಿಂದ ತೂಗುಬಿಟ್ಟ ನೆಲವಿಗೆ ಏರಿಸಿ, ‘ನೋಡು, ಕದ್ದು ತಿಂದs ಹಿಂಗಾಗೈತಿ’ ಎಂದು ನನ್ನತ್ತ ತಿರುಗಿದಳು. ‘ಇದು ನಿನ್ನ ಅವ್ವನ ಕಡೀದು. ಹೊಳಿದಂಡಿ ಮಂದಿ. ನಮ್ಮ ಮನಿತನದಾಗ ಇಂಥಾದ್ದಿಲ್ಲ.’ ನನ್ನ ಅವ್ವ ಮುಂಡರಗಿ ತಾಲೂಕಿನ ಕೊರ್ಲಹಳ್ಳಿಯವಳು, ತುಂಗಭದ್ರೆಯ ದಂಡೆಯವಳು. ನನ್ನ ಅಪ್ಪನ ಕಡೆಯವರನ್ನು ದೂರಿದರೆ ತನ್ನ ತವರಿಗೇ ಉಗುಳಿಕೊಂಡಂತೆ ಆಗುತ್ತಿತ್ತಲ್ಲ, ಅದಕ್ಕೆ ಪಾಪ ನನ್ನ ಅವ್ವ ಸಿಕ್ಕಳು.

ಮಗಳಿಗೆ ಐದು ತುಂಬಿದ ವರ್ಷ ಬೇಸಿಗೆಯಲ್ಲಿ ಆ ಕೊರ್ಲಹಳ್ಳಿಯಲ್ಲೇ ಸೋದರಮಾವನ ಮಗಳ ಮದುವೆ. ಅತ್ತೆಯೂ ಬಂದಳು. ಮದುವೆಗೆಂದಲ್ಲ, ಪಥ್ಯ ಕಾಯಲು. ಹಂದರದಲ್ಲಿ ಎಲ್ಲ ಮಕ್ಕಳೂ ಉಪ್ಪಿನಕಾಯಿ ನೆಕ್ಕುತ್ತ ಕುಳಿತಿದ್ದರೆ ನನ್ನ ಮಗಳ ಎಲೆಗೆ ಬಿದ್ದದ್ದು ಬೆಲ್ಲ, ತುಪ್ಪ, ಸಪ್ಪನ ಅನ್ನ. ಮಧ್ಯಾಹ್ನದ ಬಿಸಿಲು ಹೊಳೆಯ ಮರಳಿನಿಂದ ಪುಟಿದು ಹಂದರದೊಳಗೇ ಬರುತ್ತಿತ್ತು. ಮಕ್ಕಳೆಲ್ಲ ಓಡಿ ಬೆವೆತು ನೀರು ಕುಡಿದು ಮತ್ತೆ ಓಡುತ್ತಿದ್ದರು. ಇವಳೂ ಓಡಿದಳು, ಬೆವೆತಳು, ಕೊಡಗಟ್ಟಲೆ ನೀರು ಕುಡಿದಳು. ಆಮೇಲೆ ವಾಂತಿ ಮಾಡಿಕೊಂಡಳು. ಆಮೇಲೆ ಹಂದರದ ಕಂಬಕ್ಕೆ ಒರಗಿ ಕುಳಿತವಳು ಕರೆದರೆ ಮಾತನಾಡಲಿಲ್ಲ. ಕಣ್ಣು ಒಳಗೆ ಹೋಗಿದ್ದವು. ಎತ್ತಿಕೊಂಡರೆ ಕುತ್ತಿಗೆ ನಿಲ್ಲಲಿಲ್ಲ.

‘ಬಿಸಲ ಬಡದೈತಿ, ತಣ್ಣೀರು ಕುಡಸ್ರಿ’ ಎಂದರು ಹೆಂಗಸರು. ‘ಯಾರದೋ ಕಣ್ಣು ಹತ್ತೈತಿ’ ಎಂದಳು ಅತ್ತೆ. ನಾನು ಯಾರ ಮಾತನ್ನೂ ಕೇಳದೆ ವರನ ಕಡೆಯವರ ಜೀಪು ಹತ್ತಿ ಕುಳಿತೆ. ಹತ್ತಿದ ಮೇಲೆಯೇ ಅದು ಯಾರದೆಂದು ಕೇಳಿದ್ದು. ಮುಂಡರಗಿಯ ದವಾಖಾನೆಯ ತನಕ ಅತ್ತೆ ಹಿಂದಿನ ಸೀಟಿನಲ್ಲಿ ನಿವಾಳಿಸುತ್ತ ಬಂದಳು.

ಅಲ್ಲಿದ್ದದ್ದು ಒಬ್ಬ ಹೊಸ ಡಾಕ್ಟರಮ್ಮ, ಕಲಿತು ಮುಗಿಸಿ ಬಂದು ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಮಗುವಿಗೆ ಸಲೈನ್ ಹಚ್ಚಿದಳು. ನರ ಸಿಗದೆ ಎರಡೂ ಕೈ ಚುಚ್ಚಿ ಕೊನೆಗೆ ಕಾಲಿನಲ್ಲಿ ಹಿಡಿದಳು. ಹನಿ ಇಳಿಯತೊಡಗಿದ ಮೇಲೆ ಮಗುವಿನ ಹಣೆಯನ್ನು ಒರೆಸಹೋದವಳು ಅಲ್ಲೇ ನಿಂತಳು. ಬೆವರು ಆರಿದ ಜಾಗದಲ್ಲಿ, ಕೂದಲಿನ ಅಂಚಿಗೆ, ಬೆಳ್ಳಗೆ ಹರಳು ಕಟ್ಟಿತ್ತು.

‘ಕೂಸಿಗೆ ಊಟದಾಗ ಉಪ್ಪು ಎಷ್ಟು ಕೊಡ್ತೀರಿ?’ ಎಂದು ಕೇಳಿದಳು.

ಅತ್ತೆ ಎದೆ ಉಬ್ಬಿಸಿ ಹೇಳಿದಳು: ‘ಒಂದು ಹರಳೂ ಇಲ್ರಿ. ಸಪ್ಪನ ಪಥ್ಯ ಐತಿ.’

ಡಾಕ್ಟರಮ್ಮ ಅತ್ತೆಯನ್ನು ನೋಡಿದ ರೀತಿ ನನಗೆ ಇಂದಿಗೂ ಸುಖ ಕೊಡುತ್ತದೆ. ‘ಈ ಬಾಟಲಿಯೊಳಗ ಏನೈತಿ ಗೊತ್ತೇನ್ರಿ ಅಜ್ಜಿ? ಉಪ್ಪಿನ ನೀರು. ನೀವು ತಡದದ್ದನ್ನ ನಾ ಹಾಕಾಕತ್ತೀನಿ.’

ಸಂಜೆಗೆ ಮಗು ಕಣ್ಣು ತೆರೆದು ‘ಯವ್ವಾ’ ಎಂದಿತು. ಮರುದಿನ ಎದ್ದು ಕುಳಿತು ಚಟ್ನಿ ಕೇಳಿತು. ಡಾಕ್ಟರಮ್ಮ ತಾನು ಕಲಿತ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯ ಮಕ್ಕಳ ಡಾಕ್ಟರ ಬಳಿಗೆ ಹೋಗಲು ಹೇಳಿ ಕಾಗದ ಬರೆದುಕೊಟ್ಟಳು. ಪುಸ್ತಕದಲ್ಲಿ ಓದಿದ ಒಂದು ರೋಗದ ಅನುಮಾನವಿದೆ, ಕಣ್ಣಾರೆ ಕಂಡಿಲ್ಲ, ಅವರು ವಿಲಾಯತಿಯಲ್ಲಿ ಇದ್ದು ಬಂದವರು, ಅವರು ಕಂಡಿರುತ್ತಾರೆ ಎಂದಳು.

ಹುಬ್ಬಳ್ಳಿಗೆ ನಾವು ಮೂವರೂ ಹೋದೆವು. ಗಂಡ ಬರಲಿಲ್ಲ, ಮಗ್ಗದಲ್ಲಿ ಸೀರೆ ಅರ್ಧಕ್ಕೆ ನಿಂತಿತ್ತಂತೆ. ಅಲ್ಲಿಯೂ ಮೊದಲು ಸಿಕ್ಕಿದ್ದು ಅವಮಾನವೇ. ಹೊರಗಿನ ಕೋಣೆಯಲ್ಲಿ ಚೀಟಿ ಬರೆಯುವ ಕಿರಿಯ ಡಾಕ್ಟರು ಮುಂಡರಗಿಯ ಕಾಗದ ಓದಿ ನಕ್ಕುಬಿಟ್ಟ. ‘ಇದು ಬಿಳೀ ಮಂದಿ ರೋಗ. ನಮ್ಮ ಹಿಂದುಸ್ತಾನದಾಗ ಇರಂಗಿಲ್ಲ. ಬೆಟಗೇರಿಯಾಗ ಹೆಂಗ ಬರತೈತ್ರಿ?’ ಎಂದ. ನನ್ನ ಕಪ್ಪು ಕೂಸನ್ನೂ ನನ್ನನ್ನೂ ಮೇಲಿಂದ ಕೆಳಗೆ ನೋಡಿದ. ರೋಗಕ್ಕೂ ಬಣ್ಣ ನೋಡಿ ಬರುವ ಬುದ್ಧಿಯಿದೆ ಎಂದು ಅವನಿಗೆ ಯಾರು ಕಲಿಸಿದ್ದರೋ.

ದೊಡ್ಡ ಡಾಕ್ಟರು ನಗಲಿಲ್ಲ. ಮಗುವಿನ ಬೆರಳ ತುದಿ ನೋಡಿದರು, ಉಗುರು ಉಬ್ಬಿ ದುಂಡಗಾಗಿದ್ದವು. ಎದೆಗೆ ಕಿವಿಗೊಟ್ಟರು. ಆಮೇಲೆ ಬೆವರಿನ ಪರೀಕ್ಷೆ. ಮುಂಗೈಗೆ ಬೆವರು ಬರಿಸುವ ಔಷಧಿ ತೊಯಿಸಿದ ಬಟ್ಟೆ ಇಟ್ಟು ಮೇಲೆ ಸಣ್ಣ ವಿದ್ಯುತ್ತು ಹರಿಸಿದರು, ಇರುವೆ ಹರಿದಂತೆ ಆಗುತ್ತದೆಂದು ಮಗು ಕೈ ಕೊಡವಿತು. ಬಳಿಕ ಅದೇ ಜಾಗಕ್ಕೆ ಸೋಸುವ ಕಾಗದವಿಟ್ಟು ಗಾಳಿ ಆಡದಂತೆ ಪ್ಲಾಸ್ಟಿಕ್ಕಿನಿಂದ ಮುಚ್ಚಿ ಕಟ್ಟಿದರು. ಕಾಗದ ಹೀರಿದ ಬೆವರಿನಲ್ಲಿ ಕ್ಲೋರೈಡು ಎಷ್ಟಿದೆಯೆಂದು ಅಳೆದರು. ನಂಬಿಕೆ ಸಾಲದೆ ಇನ್ನೊಂದು ದಿನ ಮತ್ತೆ ಅಳೆದರು. ಎರಡೂ ಸಲ ಅದು ಆರೋಗ್ಯವಂತ ಮಗುವಿಗೆ ಇರಬಾರದಷ್ಟು ಜಾಸ್ತಿ ಇತ್ತು. ರೋಗಕ್ಕೆ ಸಿಸ್ಟಿಕ್ ಫೈಬ್ರೋಸಿಸ್ ಎಂದು ಹೆಸರು. ಅದನ್ನು ಅತ್ತೆ ಕೊನೆಯವರೆಗೂ ‘ಶಿಸ್ತಿನ ಜಡ್ಡು’ ಎಂದೇ ಕರೆದಳು.

ನಾನು ಶಾಲೆಯವಳು, ಅರ್ಧ ತಿಳಿದು ಎದ್ದು ಬರುವ ಜಾತಿಯಲ್ಲ. ‘ಕೆಮ್ಮಿಗೂ ಎಣ್ಣೆ ಭೇದಿಗೂ ಬೆವರಿಗೂ ಏನು ಸಂಬಂಧ? ಮೂರು ರೋಗ ಅನ್ರಿ, ನಂಬತೀನಿ’ ಎಂದೆ.

‘ಮೂರಲ್ಲ ಅಕ್ಕಾರ, ಒಂದs’ ಎಂದರು ಡಾಕ್ಟರು. ಮೇಜಿನ ಮೇಲಿದ್ದ ಕಾಗದದಲ್ಲಿ ಒಂದು ಕೊಳವೆ ಬರೆದರು. ‘ಇದು ಬೆವರಿನ ನಳಿಗಿ. ಬೆವರು ತಳದಾಗ ಹುಟ್ಟುವಾಗ ಎಲ್ಲಾರದೂ ಉಪ್ಪುಪ್ಪು, ರಕ್ತದ ಹಂಗ. ಮ್ಯಾಲೆ ಬರೂ ದಾರ್ಯಾಗ ನಳಿಗಿ ಗೋಡಿ ಉಪ್ಪನ್ನ ವಾಪಸ್ ಎಳಕೊಳ್ತೈತಿ. ಉಪ್ಪಂದ್ರ ಎರಡು ಭಾಗ, ಸೋಡಿಯಂ ಮತ್ತ ಕ್ಲೋರೈಡು. ಗೋಡಿಯಾಗಿನ ಒಂದೊಂದು ಜೀವಕೋಶಕ್ಕೂ ಒಂದು ಪೊರಿ ಇರತೈತಿ, ಆ ಪೊರಿಯೊಳಗ ಕ್ಲೋರೈಡಿಗೆ ಅಂತs ಬಾಗಲಾ ಇರತಾವು. ನಿಮ್ಮ ಕೂಸಿಗೆ ಆ ಬಾಗಲಾ ತೆರಿಯೂದಿಲ್ಲ. ಕ್ಲೋರೈಡು ಒಳಗ ಬರಾಕ ಆಗೂದಿಲ್ಲ, ಅದನ್ನ ಬಿಟ್ಟು ಸೋಡಿಯಮ್ಮೂ ಬರೂದಿಲ್ಲ. ಎರಡೂ ಬೆವರಿನ ಕೂಡ ಹೊರಗ ಹೋಗತಾವು.’

‘ಹಂಗಾರ ಒಳಗ ಉಪ್ಪು ಹೆಚ್ಚಾಗಿಲ್ಲ?’

‘ಕಮ್ಮಿ ಆಗೈತಿ. ಹೊರಗ ಕಾಣೂದು ಒಳಗಿಂದ ಕಳಕೊಂಡದ್ದು.’

ನಾನು ತಿರುಗಿ ಅತ್ತೆಯನ್ನು ನೋಡಿದೆ. ಅವಳು ಕಿಟಕಿಯ ಆಚೆ ನೋಡುತ್ತಿದ್ದಳು.

ಪುಪ್ಪುಸದಲ್ಲೂ ಅದೇ ಬಾಗಿಲು, ಆದರೆ ಕೆಲಸ ಉಲ್ಟಾ ಎಂದರು ಡಾಕ್ಟರು. ಅಲ್ಲಿ ಕ್ಲೋರೈಡು ಜೀವಕೋಶದಿಂದ ಹೊರಗೆ, ಉಸಿರುದಾರಿಗೆ ಬರಬೇಕು. ಅದು ಬಂದರೆ ಬೆನ್ನಿಗೇ ನೀರು ಬರುತ್ತದೆ. ಉಪ್ಪು ತಿಂದವರು ನೀರು ಕುಡಿಯಲೇಬೇಕು ಎಂದು ನಾವು ತಪ್ಪು ಮಾಡಿದವರಿಗೆ ಅನ್ನುತ್ತೇವಲ್ಲ, ಮೈಯೊಳಗೂ ಅದೇ ನ್ಯಾಯ, ಉಪ್ಪು ಹೋದ ಕಡೆಗೆ ನೀರು ಹೋಗಲೇಬೇಕು. ಬಾಗಿಲು ಮುಚ್ಚಿದರೆ ಉಪ್ಪಿಲ್ಲ, ಉಪ್ಪಿಲ್ಲದೆ ನೀರಿಲ್ಲ. ತೆಳ್ಳಗೆ ಜಾರಿ ಹೋಗಬೇಕಾದ ಕಫ ಆರಿ ಅಂಟಾಗುತ್ತದೆ, ಅದರಲ್ಲಿ ಕ್ರಿಮಿಗಳು ಮನೆ ಮಾಡುತ್ತವೆ. ಹೊಟ್ಟೆಯ ಹಿಂದಿನ ಮೇದೋಜೀರಕ ಗ್ರಂಥಿಯಲ್ಲೂ ಹೀಗೇ: ರಸ ಗಟ್ಟಿಯಾಗಿ ಕೊಳವೆ ಕಟ್ಟಿಕೊಳ್ಳುತ್ತದೆ. ತುಪ್ಪ, ಎಣ್ಣೆ ಕರಗಿಸುವ ರಸ ಊಟದವರೆಗೆ ತಲುಪುವುದೇ ಇಲ್ಲ. ತಿಂದದ್ದು ತಿಂದ ಹಾಗೇ ಹೊರಗೆ. ಅದಕ್ಕೇ ಆ ರಾಕ್ಷಸ ಹಸಿವು, ಆ ಕಡ್ಡಿ ಕೈಕಾಲು.

ಆ ಬಾಗಿಲು ಒಂದು ಪ್ರೋಟೀನು ಎಂದು ಊಹೆ ಇತ್ತು, ಯಾವ ಪ್ರೋಟೀನು ಎಂದು ಆಗ ಜಗತ್ತಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎಂಬತ್ತರ ದಶಕ ಮುಗಿಯುವಾಗ ಅದನ್ನು ಹಿಡಿದರು. ಸಾವಿರಕ್ಕೂ ಹೆಚ್ಚು ಮಣಿ ಪೋಣಿಸಿದ ಒಂದು ಸರ, ಬಹಳ ರೋಗಿಗಳಲ್ಲಿ ಅದರಲ್ಲಿ ಒಂದೇ ಒಂದು ಮಣಿ ಇರುವುದಿಲ್ಲ. ಆ ಒಂದು ಮಣಿ ತಪ್ಪಿದ್ದಕ್ಕೆ ಸರ ಸರಿಯಾಗಿ ಮಡಚಿಕೊಳ್ಳುವುದಿಲ್ಲ, ಜೀವಕೋಶವೇ ಅದನ್ನು ಕೆಟ್ಟ ಮಾಲೆಂದು ಪೊರೆಗೆ ಕಳಿಸದೆ ಒಳಗೇ ಹರಿದು ಹಾಕುತ್ತದೆ. ಬೇರೆ ತಪ್ಪುಗಳೂ ಎಷ್ಟೋ ಇವೆ. ನನ್ನ ಮಗಳ ತಪ್ಪು ಯಾವುದೆಂದು ಯಾರೂ ನೋಡಲಿಲ್ಲ. ನೋಡುವ ಕಾಲ ಬರುವಷ್ಟರಲ್ಲಿ ನೋಡಲು ಅವಳಿರಲಿಲ್ಲ.

‘ಯಾರ ಕಡೆಯಿಂದ ಬಂತ್ರಿ ಇದು?’ ಎಂದು ಕೇಳಿದಳು ಅತ್ತೆ, ಅಷ್ಟು ಹೊತ್ತಿಗೆ ಮೊದಲ ಸಲ ಬಾಯಿ ತೆರೆದು. ಉತ್ತರ ತನಗೆ ಗೊತ್ತಿದೆ ಎನ್ನುವ ದನಿಯಲ್ಲಿ.

‘ಎರಡೂ ಕಡೆಯಿಂದ’ ಎಂದರು ಡಾಕ್ಟರು, ಅದೇ ಕಾಗದದಲ್ಲಿ ತಾಯಿಯಿಂದೊಂದು ತಂದೆಯಿಂದೊಂದು ಗೆರೆ ಮಗುವಿಗೆ ಎಳೆದು. ‘ಒಂದು ಕಡೆಯಿಂದ ಬಂದ್ರ ಏನೂ ಆಗೂದಿಲ್ಲ, ಇನ್ನೊಂದು ಚಲೋದು ಕೆಲಸ ನಡಸ್ತೈತಿ. ತಾಯಿ ತಂದಿ ಇಬ್ರೂ ಕೊಟ್ರ ಮಾತ್ರ ಜಡ್ಡು. ಗಂಡ ಹೆಂಡತಿ ಸಂಬಂಧಿಕರೇನು?’

‘ಸೋದರತ್ತೀ ಮಗ’ ಎಂದೆ.

‘ಹಂಗಾರ ನಿಮ್ಮ ತಂದಿ ಮತ್ತ ಈ ಅಜ್ಜಿ ಇಬ್ರೂ ಒಂದs ಮನಿಯಿಂದ ತಂದಿರಬೇಕು. ಅಜ್ಜೀ, ನಿಮ್ಮ ಮನಿತನದಾಗ ಹಿಂಗ ಹೋದ ಕೂಸು ಏನರ ಇದ್ವೇನು?’

‘ಇಲ್ರಿ’ ಎಂದಳು ಅತ್ತೆ.

ಬಸ್ಸಿನಲ್ಲಿ ಗದಗು ಬರುವ ತನಕ ನಾನು ಹಲ್ಲು ಕಿಸಿದುಕೊಂಡೇ ಬಂದೆ ಎಂದರೆ ಓದುವವರು ನನ್ನನ್ನು ಏನೆಂದುಕೊಳ್ಳುತ್ತಾರೋ. ಮಗಳ ರೋಗಕ್ಕೆ ಮದ್ದಿಲ್ಲವೆಂದು ಆಗಷ್ಟೇ ಕೇಳಿದ್ದೆ, ಎದೆ ಒಡೆದಿತ್ತು. ಆದರೆ ಹೊಳಿದಂಡಿಯ ನನ್ನ ಅವ್ವ ಗೆದ್ದಿದ್ದಳು. ಎರಡೂ ಖರೆ.

ಡಾಕ್ಟರು ಹೇಳಿದ್ದು ಹೀಗೆ: ದಿನಾ ಬೆಳಿಗ್ಗೆ ಸಂಜೆ ಮಗುವನ್ನು ತಲೆ ಕೆಳಗಾಗುವಂತೆ ಮಲಗಿಸಿ ಬೊಗಸೆಗೈಯಿಂದ ಬೆನ್ನು ಬಡಿದು ಕಫ ಕಿತ್ತು ತೆಗೆಯಬೇಕು. ಊಟದ ಜೊತೆಗೆ ಆ ಕಟ್ಟಿಕೊಂಡ ರಸದ ಬದಲಿಗೆ ಗುಳಿಗೆ. ತುಪ್ಪ, ಶೇಂಗಾ ಬೇಕಾದಷ್ಟು. ಮತ್ತು ಉಪ್ಪು. ಎಲ್ಲರಿಗಿಂತ ಹೆಚ್ಚಿಗೆ ಉಪ್ಪು, ಬೇಸಿಗೆಯಲ್ಲಂತೂ ಮಜ್ಜಿಗೆಗೆ, ಗಂಜಿಗೆ, ನೀರಿಗೂ. ‘ಕಫ ಇಕಿನ್ನ ಯಾವಾಗರ ಒಂದಿನ ಒಯ್ಯಬಹುದು, ಅದನ್ನ ನಾ ತಡಿಯಾಕ ಆಗೂದಿಲ್ಲ. ಆದ್ರ ಬ್ಯಾಸಗಿ ಒಯ್ಯದಂಗ ನೀವು ನೋಡಿಕೊಳ್ಳಾಕ ಆಗತೈತಿ’ ಎಂದಿದ್ದರು.

ಬೆನ್ನು ಬಡಿಯುವುದು ನನ್ನ ಕೈಯಲ್ಲಿತ್ತು, ಶಾಲೆಗೆ ಹೋಗುವ ಮುಂಚೆ, ಬಂದ ಮೇಲೆ. ನಡುವಿನ ಹಗಲಿಡೀ ಊಟ, ನೀರು ಅತ್ತೆಯ ಕೈಯಲ್ಲಿ. ಕೆಲಸ ಬಿಡೋಣವೆಂದರೆ ಗುಳಿಗೆ ತರುವವರಾರು? ನಾನು ಹೇಳಿ ಹೋಗುತ್ತಿದ್ದೆ. ಅವಳು ‘ಹೂಂ’ ಎನ್ನುತ್ತಿದ್ದಳು. ಬಂದು ನೋಡಿದರೆ ಮಗು ಜೋಲು ಮುಖ ಹಾಕಿಕೊಂಡು ಮೂಲೆಯಲ್ಲಿ ಕುಳಿತಿರುತ್ತಿತ್ತು. ಒಂದು ಶನಿವಾರ ಬೆಳಗಿನ ಶಾಲೆ ಬೇಗ ಬಿಟ್ಟಿತು. ಮನೆಗೆ ಬಂದೆ. ಮಗಳು ಮಜ್ಜಿಗೆ ಕುಡಿಯುತ್ತಿದ್ದಳು. ಅವಳ ಕೈಯಿಂದ ಚರಿಗೆ ಕಸಿದು ಬಾಯಿಗೆ ಹಚ್ಚಿದೆ. ಸಪ್ಪಗಿತ್ತು.

ಚರಿಗೆಯನ್ನು ಅಂಗಳಕ್ಕೆ ಎಸೆದೆ. ಮಗ್ಗ ನಿಂತಿತು. ಆ ಮನೆಯಲ್ಲಿ ಅದು ನಿಂತದ್ದು ನಾನು ಕೇಳಿದ್ದು ಅದೇ ಮೊದಲು.

‘ಕೊಲ್ಲಬೇಕಂತ ಮಾಡೀರೇನು?’ ಎಂದು ಕೂಗಿದೆ. ‘ಮುಂಡರಗ್ಯಾಗ ನೋಡಿದ್ರಲ್ಲ? ಉಪ್ಪಿನ ನೀರು ಹಾಕಿದ ಮ್ಯಾಲೇ ಎದ್ದದ್ದು.’

‘ಎದ್ದದ್ದು ಅಕಿ ಆಯುಷ್ಯ ಗಟ್ಟಿ ಇತ್ತು ಅಂತ’ ಎಂದಳು ಅತ್ತೆ. ‘ನಿನ್ನೆ ಮೊನ್ನಿ ಹುಟ್ಟಿದಾಕಿ ನನಗ ಕಲಿಸಾಕ ಬರಬ್ಯಾಡ. ಇಂಥಾ ಕೂಸು ನಾ ಕಂಡಿಲ್ಲೇನು? ನನ್ನವು ಎರಡು ಹಿಂಗs ಇದ್ವು. ಮೊದಲಿಂದೂ, ಮೂರನೇದೂ. ಮುತ್ತು ಕೊಟ್ರ ಉಪ್ಪುಪ್ಪು. ಬಿಗಿ ಪಥ್ಯ ಮಾಡಿಸಿದ್ದೆ, ಗೊತ್ತೈತೇನು? ಒಂದು ಹರಳು ಬಾಯಾಗ ಬೀಳದಂಗ ಕಣ್ಣಾಗ ಎಣ್ಣಿ ಹಾಕ್ಕೊಂಡು ಕಾದಿದ್ದೆ.’

ಹೇಳುವಾಗ ಅವಳಿಗೆ ಹೆಮ್ಮೆಯಿತ್ತು. ಹುಬ್ಬಳ್ಳಿಯಲ್ಲಿ ‘ಇಲ್ರಿ’ ಎಂದವಳು, ಇಲ್ಲಿ ಜಗಳ ಗೆಲ್ಲುವ ಹುರುಪಿನಲ್ಲಿ ಬಾಯಿ ಬಿಟ್ಟಿದ್ದಳು. ಅತ್ತೆಗೆ ಎರಡು ಕೂಸು ಹೋಗಿವೆ ಎಂಬುದು ನಮ್ಮ ಬಳಗಕ್ಕೆಲ್ಲ ಗೊತ್ತಿತ್ತು. ಆ ಕಾಲದಲ್ಲಿ ಯಾರ ಮನೆಯಲ್ಲಿ ಹೋಗಿರಲಿಲ್ಲ, ಹಾಗಾಗಿ ಯಾರೂ ಹೇಗೆಂದು ಕೇಳಿರಲಿಲ್ಲ. ಅತ್ತೆ ಮದುವೆಯಾದದ್ದು ತನ್ನ ತಾಯಿಯ ತಮ್ಮನನ್ನು. ಡಾಕ್ಟರು ಕಾಗದದಲ್ಲಿ ಎಳೆದ ಗೆರೆಗಳು ನನ್ನ ಕಣ್ಣ ಮುಂದೆ ಬಂದವು: ಆ ಮದುವೆಯಲ್ಲೂ ಎರಡು ಗೆರೆ ಹೊರಟದ್ದು ಒಂದೇ ಮನೆಯಿಂದ.

‘ಯಾವ ದಿನಮಾನದಾಗ ಹೋದ್ವು ಅವು?’ ಎಂದು ಕೇಳಿದೆ.

‘ಏನು?’

‘ಮಳಿಗಾಲದಾಗೋ, ಥಂಡ್ಯಾಗೋ?’

ಮೊರದಲ್ಲಿ ಹಸನು ಮಾಡುತ್ತಿದ್ದ ಜೋಳದಲ್ಲಿ ಅವಳ ಕೈ ಹಾಗೇ ಉಳಿಯಿತು. ‘ಬ್ಯಾಸಗ್ಯಾಗ’ ಎಂದಳು. ‘ಎರಡೂ ಬ್ಯಾಸಗ್ಯಾಗ. ಕುತಗಿ ನಿಲ್ಲಲಿಲ್ಲ.’

ಮುಂಡರಗಿಯ ಜೀಪಿನಲ್ಲಿ ಅವಳು ಹಿಂದಿನ ಸೀಟಿನಲ್ಲಿದ್ದಳು. ನನ್ನ ಮಗಳ ಕುತ್ತಿಗೆ ನನ್ನ ತೋಳಿನಿಂದ ಜೋಲುವುದನ್ನು ಅವಳೂ ನೋಡಿದ್ದಳು. ಅವಳ ಮುಖದಲ್ಲಿ ಲೆಕ್ಕ ಕೂಡಿ ಬರುವುದು ನನಗೆ ಕಾಣಿಸಿತು. ಅಷ್ಟು ದಿನ ಅವಳು ಡಾಕ್ಟರ ಮಾತು ತಿಳಿಯದೆ ಹಟ ಹಿಡಿದಿದ್ದಾಳೆ ಎಂದುಕೊಂಡಿದ್ದೆ. ತಿಳಿದಿತ್ತು. ಉಪ್ಪು ಕೊಟ್ಟು ನನ್ನ ಮಗಳು ಉಳಿದುಬಿಟ್ಟರೆ ತನ್ನೆರಡು ಹೇಗೆ ಹೋದವೆಂದು ಒಪ್ಪಿಕೊಳ್ಳಬೇಕಾಗುತ್ತದೆ, ಅದಕ್ಕೇ ಕೊಡುತ್ತಿರಲಿಲ್ಲ. ಇದನ್ನು ಅವಳು ಕೂತು ಯೋಚಿಸಿ ಮಾಡಿದ್ದಳು ಎನ್ನಲಾರೆ. ಆದರೂ ಹಾಗೆಯೇ ಇತ್ತು.

ಅವಳು ತಲೆ ಎತ್ತಿದಳು. ‘ಹಂಗಾರ ಅವೆರಡನ್ನೂ ನಾನs ಕೊಂದ್ನೇನು?’ ಎಂದು ಕೇಳಿದಳು.

ಗಂಡ ಬಾಗಿಲಲ್ಲಿ ಬಂದು ನಿಂತಿದ್ದ. ‘ಬಿಡು’ ಎಂದ, ನನಗೆ.

ಇರಬಹುದು, ಇಲ್ಲದಿರಬಹುದು, ಆ ಕಾಲದಲ್ಲಿ ಅಂಥ ಕೂಸುಗಳು ಉಪ್ಪು ಕೊಟ್ಟಿದ್ದರೂ ಬದುಕುತ್ತಿದ್ದವೋ ಇಲ್ಲವೋ ಎಂದು ಹೇಳಬಹುದಿತ್ತು. ಅದೇ ನ್ಯಾಯದ ಮಾತು. ಆದರೆ ಹಾಗೆ ಹೇಳಿದ್ದರೆ ಸೋಮವಾರ ಮತ್ತೆ ನನ್ನ ಮಗಳ ಮಜ್ಜಿಗೆ ಸಪ್ಪಗಾಗುತ್ತಿತ್ತು. ಬೇಸಿಗೆ ಇನ್ನೂ ಅರ್ಧ ಬಾಕಿಯಿತ್ತು.

‘ಹೌದ್ರಿ’ ಎಂದೆ. ‘ನೀವs.’

ಅವಳು ಅಳಲಿಲ್ಲ. ಮೊರ ಕೆಳಗಿಟ್ಟು ಎದ್ದು ಹೋಗಿ, ಮಣೆ ಹಾಕಿ ಹತ್ತಿ, ನೆಲವಿನಿಂದ ಗಡಿಗೆ ಇಳಿಸಿದಳು. ಗಂಡ ನನ್ನನ್ನು ಹೊಡೆಯುವಂತೆ ನೋಡಿದ, ಹೊಡೆಯಲಿಲ್ಲ. ಎಷ್ಟೋ ದಿನ ನನ್ನ ಕೈಯ ನೀರು ಮುಟ್ಟಲಿಲ್ಲ. ಅಪ್ಪ ಲಕ್ಷ್ಮೇಶ್ವರದಿಂದ ಬಂದು ‘ನನ್ನ ಅಕ್ಕಗ ಹಂಗ ಅಂದೀಯಂತ, ನಿನ್ನ ನಾಲಿಗಿ ಸೀಳಬೇಕು’ ಎಂದು ಬೈದು ಊಟ ಮಾಡದೆ ಹೋದ. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎಂದು ಓಣಿಯ ಹೆಂಗಸರು ನನಗೆ ಕೇಳುವಂತೆಯೇ ಆಡಿಕೊಂಡರು. ಆಡಿಕೊಳ್ಳಲಿ. ಇವತ್ತು ಕೇಳಿದರೂ ಅದೇ ಉತ್ತರ ಕೊಡುತ್ತೇನೆ.

ಅತ್ತೆ ಅಂದಿನಿಂದ ನನ್ನೊಂದಿಗೆ ಮಾತು ಬಿಟ್ಟಳು. ಏನಾದರೂ ಹೇಳುವುದಿದ್ದರೆ ಮಗಳ ಕಡೆ ತಿರುಗಿ ‘ನಿಮ್ಮ ಅವ್ವಗ ಹೇಳು’ ಎನ್ನುತ್ತಿದ್ದಳು, ನಾನು ಎದುರಿಗೇ ಇದ್ದರೂ. ನಾನೂ ‘ನಿಮ್ಮ ಆಯಿಗೆ ಹೇಳು’ ಎನ್ನುತ್ತಿದ್ದೆ. ಮಗಳಿಗೆ ಅದೊಂದು ಆಟ. ನಮ್ಮಿಬ್ಬರ ಮಾತುಗಳನ್ನು ಬೇಕಂತಲೇ ಬದಲಿಸಿ ಹೇಳಿ ಕೆಮ್ಮು ಬರುವ ತನಕ ನಗುತ್ತಿದ್ದಳು. ಉಪ್ಪಿನ ವಿಷಯಕ್ಕೆ ನಾನು ಮತ್ತೆ ಚರಿಗೆ ಕಸಿದು ನೋಡಬೇಕಾಗಲಿಲ್ಲ. ಆರಂಭದಲ್ಲಿ ಕದ್ದು ನೋಡಿದ್ದುಂಟು, ನನ್ನ ನಂಬಿಕೆ ಅಷ್ಟರಲ್ಲೇ ಇತ್ತು. ಪ್ರತಿ ಸಲವೂ ಮುಖ ಕಿವುಚುವಷ್ಟು ಉಪ್ಪು.

ಬೇಸಿಗೆಗಳು ಬಂದವು, ಹೋದವು. ಗದಗಿನ ಬಿಸಿಲು ಎಂಥದೆಂದು ಅಲ್ಲಿಯವರಿಗೆ ಹೇಳಬೇಕಿಲ್ಲ. ಒಂದು ಬೇಸಿಗೆಯೂ ಅವಳನ್ನು ಮತ್ತೆ ಮಲಗಿಸಲಿಲ್ಲ. ಶಾಲೆಗೆ ಬಂದಳು, ನನ್ನದೇ ತರಗತಿಯಲ್ಲಿ ಕುಳಿತಳು, ಮಗ್ಗಿಯಲ್ಲಿ ಎಲ್ಲರಿಗಿಂತ ಚುರುಕು, ಓಟದಲ್ಲಿ ಎಲ್ಲರಿಗಿಂತ ಹಿಂದೆ. ಆದರೆ ಕಫ ತನ್ನ ಕೆಲಸ ತಾನು ಮಾಡುತ್ತಲೇ ಇತ್ತು. ಬಡಿದು ಬಡಿದು ತೆಗೆದಷ್ಟೂ ಉಳಿಯುತ್ತಿತ್ತು, ಬಣ್ಣ ಹಸಿರಿಗೆ ತಿರುಗಿತು, ಯಾವ ಔಷಧಿಗೂ ಬಗ್ಗದ ಕ್ರಿಮಿ ಸೇರಿತು. ಬೆರಳ ತುದಿಗಳು ಇನ್ನೂ ದುಂಡಗಾದವು. ಎಂಬತ್ತರ ದಶಕ ಮುಗಿಯುತ್ತಿದ್ದ ವರ್ಷ ಥಂಡಿಯಲ್ಲಿ ಹುಬ್ಬಳ್ಳಿಗೆ ಒಯ್ದೆವು. ಈ ಸಲ ಗಂಡನೂ ಬಂದ. ಮೂಗಿಗೆ ಆಮ್ಲಜನಕದ ನಳಿಗೆ ಹಾಕಿದ್ದರು. ಅವಳು ಒಂದೊಂದು ಉಸಿರಿಗೂ ಹೆಗಲು ಎತ್ತಿ ಎಳೆದುಕೊಳ್ಳುತ್ತಿದ್ದಳು, ನೋಡುತ್ತ ಕುಳಿತ ನಮ್ಮ ಹೆಗಲೂ ಏಳುತ್ತಿದ್ದವು.

ಬೆಳಿಗ್ಗೆ, ಬಿಸಿಲು ಹಾಸಿಗೆಯ ಮೇಲೆ ಬಂದ ಮೇಲೆ, ಹೋದಳು.

ಗಂಡ ಗಾಡಿ ಗೊತ್ತು ಮಾಡಲು ಹೊರಗೆ ಹೋದ. ಹಾಸಿಗೆಯ ಆ ಬದಿಗೆ ಅತ್ತೆ, ಈ ಬದಿಗೆ ನಾನು. ಮಾತು ದಾಟಿಸುವವರು ಯಾರೂ ಇರಲಿಲ್ಲ. ಅತ್ತೆ ಮಗುವಿನ ಹೊದಿಕೆಯನ್ನು ಸರಿಮಾಡಿದಳು, ಮತ್ತೆ ಸರಿಮಾಡಿದಳು. ಆಮೇಲೆ ವರ್ಷಗಳ ನಂತರ ಮೊದಲ ಸಲ ನೇರ ನನ್ನ ಮುಖ ನೋಡಿದಳು.

‘ಇಕಿಗೆ ನಾ ಉಪ್ಪು ತಪ್ಪಿಸಿಲ್ಲ’ ಎಂದಳು. ‘ಒಂದಿನಾನೂ ತಪ್ಪಿಸಿಲ್ಲ.’

‘ಗೊತ್ತೈತ್ರಿ’ ಎಂದೆ.

ಅವಳು ಇನ್ನೂ ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಬೇಕಿದ್ದ ಮಾತು ಅದಲ್ಲ. ಬೇಕಿದ್ದದ್ದು ತನ್ನೆರಡು ಕೂಸುಗಳ ಬಗ್ಗೆ ಆ ಶನಿವಾರ ನಾನು ಹೇಳದೆ ಉಳಿಸಿಕೊಂಡ ಮಾತು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಗಂಡ ಬಂದು ಗಾಡಿ ಬಂತು ಎಂದ. ಇಬ್ಬರೂ ಎದ್ದೆವು.